ಆದಾಯದ ಬಾಲ ಬಲಕ್ಕೇ ಏಕೆ ಚಾಚುತ್ತದೆ?

ಪ್ರಶ್ನೆ: ಮನೆಗಳ ಆದಾಯ, ಜಮೀನಿನ ವಿಸ್ತೀರ್ಣ ಇವುಗಳ ನಕ್ಷೆ ಬಲಕ್ಕೆ ಉದ್ದ ಬಾಲ ಬಿಡುತ್ತದೆ, ಲಾಗರಿದಮ್ ತೆಗೆದರೆ ಗಂಟೆಯ ಆಕಾರಕ್ಕೆ ಬರುತ್ತದೆ ಎಂದು ಓದಿದೆ. ಯಾಕೆ ಹೀಗೆ?
— ಓದುಗರೊಬ್ಬರು, ಬೈರಮಂಗಲ

ಉತ್ತರ: ಆದಾಯ ಏರುವುದೂ ಇಳಿಯುವುದೂ ಗುಣಾಕಾರದಲ್ಲಿ. ರಾಮನಗರದ ಮಾರುಕಟ್ಟೆಯಲ್ಲಿ ರೇಷ್ಮೆಗೂಡಿನ ಧಾರಣೆ ಶೇ. 20 ಏರಿತು ಎನ್ನಿ. ಐವತ್ತು ಕೆ.ಜಿ. ಗೂಡು ತಂದವರಿಗೂ ಐನೂರು ಕೆ.ಜಿ. ತಂದವರಿಗೂ ಕೈಗೆ ಬರುವ ಹಣ ಹೆಚ್ಚುವುದು ಅದೇ ಶೇ. 20, ರೂಪಾಯಿಯಲ್ಲಿ ಮಾತ್ರ ಹತ್ತು ಪಟ್ಟು ಅಂತರ. ಜಮೀನಿನದೂ ಅದೇ ಕಥೆ. ಇಬ್ಬರು ಮಕ್ಕಳಿಗೆ ಪಾಲಾದರೆ ಎಂಟು ಎಕರೆ ನಾಲ್ಕಾಗುತ್ತದೆ, ಎರಡು ಎಕರೆ ಒಂದಾಗುತ್ತದೆ.

ಲೆಕ್ಕ ಮಾಡಿ ನೋಡೋಣ. ಊರಿನ 16 ಮನೆಗಳಿಗೂ ತಿಂಗಳಿಗೆ 16,000 ರೂಪಾಯಿ ಆದಾಯ ಎಂದುಕೊಳ್ಳಿ. ಒಂದೊಂದು ಘಟ್ಟದಲ್ಲೂ ಆದಾಯ ಒಂದೋ ದುಪ್ಪಟ್ಟಾಗುತ್ತದೆ, ಇಲ್ಲವೇ ಅರ್ಧಕ್ಕಿಳಿಯುತ್ತದೆ. ಎರಡಕ್ಕೂ ಸಮ ಅವಕಾಶ. ಇಂಥ ನಾಲ್ಕು ಘಟ್ಟ ದಾಟಿದಾಗ ಇರುವ ಹಾದಿಗಳು ಒಟ್ಟು 16. ಹಾದಿಗೊಂದು ಮನೆ ಹಂಚಿದರೆ 1,000 ರೂಪಾಯಿಗೆ ಇಳಿದದ್ದು ಒಂದು ಮನೆ, 4,000ಕ್ಕೆ ನಾಲ್ಕು, 16,000ದಲ್ಲೇ ಉಳಿದವು ಆರು, 64,000ಕ್ಕೆ ಏರಿದವು ನಾಲ್ಕು, 2,56,000 ಮುಟ್ಟಿದ್ದು ಒಂದೇ ಮನೆ.

ಈ ರೂಪಾಯಿಗಳನ್ನು ಅಳತೆಪಟ್ಟಿಯ ಮೇಲೆ ಗುರುತಿಸಿದರೆ 11 ಮನೆಗಳು ಎಡತುದಿಯಲ್ಲಿ ಒತ್ತೊತ್ತಾಗಿ ಕೂರುತ್ತವೆ, ಕೊನೆಯ ಮನೆ ಎಲ್ಲೋ ದೂರದಲ್ಲಿರುತ್ತದೆ. ಇಳಿಕೆಗೆ ಸೊನ್ನೆ ಎಂಬ ಗೋಡೆ ಇದೆ, ಏರಿಕೆಗೆ ಅಂಥದ್ದಿಲ್ಲ. ಮಧ್ಯಾಂಕ 16,000 ಆದರೂ ಸರಾಸರಿ ಸುಮಾರು 39,000. ಹನ್ನೊಂದು ಮನೆಗಳು ಸರಾಸರಿಗಿಂತ ಕೆಳಗಿವೆ! ಹಾಗಾಗಿ ಸಾಮಾನ್ಯ ಮನೆಯ ಸ್ಥಿತಿ ತಿಳಿಯಬೇಕಾದರೆ ಮಧ್ಯಾಂಕವನ್ನೇ ಕೇಳಿ.

ಈಗ 10ರ ಆಧಾರದಲ್ಲಿ ಲಾಗ್ ತೆಗೆಯಿರಿ. ಆ ಐದು ಆದಾಯಗಳು ಸುಮಾರು 3.0, 3.6, 4.2, 4.8, 5.4 ಆಗುತ್ತವೆ, ಎಲ್ಲ ಹೆಜ್ಜೆಯೂ 0.6. ಮನೆಗಳ ಸಂಖ್ಯೆ 1, 4, 6, 4, 1 ಎಂದು ನಡುವೆ ಉಬ್ಬಿ ಎರಡೂ ಕಡೆ ಸಮನಾಗಿ ಇಳಿಯುತ್ತದೆ. ಗುಣಾಕಾರವನ್ನು ಕೂಡುವಿಕೆಯಾಗಿಸುವುದೇ ಲಾಗ್‌ನ ಕೆಲಸ. ಒಂದನ್ನೊಂದು ಅವಲಂಬಿಸದ, ಯಾವುದೂ ಮಿಕ್ಕವನ್ನು ನುಂಗಿಹಾಕದ ಹಲವು ಏರಿಳಿತಗಳನ್ನು ಕೂಡಿದಾಗ ಮೊತ್ತ ಗಂಟೆಯಾಕಾರಕ್ಕೆ ಹತ್ತಿರವಾಗುತ್ತದೆ. ಉದ್ದಿಮೆಗಳ ಗಾತ್ರ ಹೀಗೆಯೇ ಬೆಳೆಯುತ್ತದೆ ಎಂದು ಫ್ರಾನ್ಸಿನ ರಾಬರ್ಟ್ ಜಿಬ್ರಾ 1931ರಲ್ಲೇ ವಾದಿಸಿದ್ದರು.

ನಿಜವಾದ ಅಂಕಿಗಳಲ್ಲಿ ಇದು ಅಂದಾಜು ಮಾತ್ರ. ಲಾಗ್ ತೆಗೆದ ಮೇಲೆ ಸರಾಸರಿಯೂ ಮಧ್ಯಾಂಕವೂ ಹತ್ತಿರ ಬಂದವೇ ಎಂದು ಮೊದಲು ನೋಡಿ. ಕೂಲಿಯವರನ್ನೂ ಬಿಡದಿಯ ಕಾರ್ಖಾನೆಯ ಕಾಯಂ ನೌಕರರನ್ನೂ ಒಂದೇ ನಕ್ಷೆಗೆ ತಂದರೆ ಎರಡು ಗುಡ್ಡ ಕಾಣಬಹುದು; ಆಗ ಗುಂಪುಗಳನ್ನು ಬೇರ್ಪಡಿಸಿ ನೋಡಬೇಕು. ಆದಾಯವೇ ಇಲ್ಲದ ಮನೆಗೆ ಲಾಗ್ ಇಲ್ಲ, ಅಂಥವನ್ನು ಬೇರೆಯಾಗಿಯೇ ಎಣಿಸಬೇಕು. ತೀರಾ ಶ್ರೀಮಂತರ ತುದಿಯಂತೂ ಗಂಟೆ ಹೇಳುವುದಕ್ಕಿಂತ ದಪ್ಪ. ಅಲ್ಲಿಗೆ ಇಟಲಿಯ ಪರೇಟೊ ಕೊಟ್ಟ ಸೂತ್ರವೇ ಹೆಚ್ಚು ಹೊಂದುತ್ತದೆ.