ಹಳೆಯ ಪೇಟಿ ಕೊಳ್ಳುವ ಮುಂಚೆ

ಮಗಳೇ, ನೀನು ಕಳಿಸಿದ ಜಾಹೀರಾತು ಓದಿದೆ. ‘ತೇಗದ ಹಾರ್ಮೋನಿಯಂ, ಮೂರೂವರೆ ಸಪ್ತಕ, ಡಬಲ್ ರೀಡ್, ಸ್ಕೇಲ್ ಚೇಂಜರ್, ಒಳ್ಳೆಯ ಸ್ಥಿತಿ, ಕವರ್ ಉಚಿತ.’ ಎಲ್ಲ ಹೇಳಿದ್ದಾರೆ, ಪೇಟಿಯಲ್ಲಿ ಗಾಳಿ ನಿಲ್ಲುತ್ತದೋ ಇಲ್ಲವೋ ಅನ್ನುವುದೊಂದನ್ನು ಬಿಟ್ಟು.

ಮೂರೂವರೆ ಸಪ್ತಕವೆಂದರೆ ಸಾಮಾನ್ಯವಾಗಿ 42 ಕೀ, ಮೂರು ಸಪ್ತಕದ್ದಾದರೆ 37. ನೀನು ಹಾಡುವುದು ಕಪ್ಪು ನಾಲ್ಕರಲ್ಲಿ. ಮಂದ್ರ ಪಂಚಮದಿಂದ ತಾರ ಪಂಚಮದವರೆಗೆ ಹೋದರೂ ಎರಡೇ ಸಪ್ತಕ, 37ರಲ್ಲಿ ಧಾರಾಳವಾಗಿ ಹಿಡಿಯುತ್ತದೆ. ಸ್ಕೇಲ್ ಚೇಂಜರ್ ಇದ್ದರೆ ಕೀಗಳ ಸಾಲನ್ನೇ ಪಕ್ಕಕ್ಕೆ ಸರಿಸಿ ಶ್ರುತಿ ಬದಲಿಸಬಹುದು. ದಿನಕ್ಕೊಬ್ಬ ಗಾಯಕರಿಗೆ ಸಾಥ್ ಕೊಡುವವರಿಗೆ ಅದು ಬೇಕು. ನಿನಗೆ ಅದರಿಂದ ಸಿಗುವುದು ಭಾರ, ಮತ್ತೆ ರಿಪೇರಿಯ ಖರ್ಚು.

ತೇಗದ ಮಾತಿಗೆ ಬರೋಣ. ಫೋಟೊದಲ್ಲಿ ಕಾಣುವುದು ಪಾಲಿಶ್, ಮರವಲ್ಲ. ಹೊರಗಿನ ಪೆಟ್ಟಿಗೆ ತೇಗವಾಗಿದ್ದು, ರೀಡು ಕೂರಿಸಿದ ಒಳಹಲಗೆ ಬೇರೆ ಮರದ್ದಿರಬಹುದು. ಅದು ತಪ್ಪೇನಲ್ಲ, ಆದರೆ ಆ ಹಲಗೆ ಸೀಳಿದ್ದರೆ ಹೊರಗಿನ ತೇಗ ಏನೂ ಮಾಡಲಾರದು. ಒಳಹಲಗೆಯ ಫೋಟೊ ಕೇಳು. ತಿದಿಯ ಮಡಿಕೆಯ ಮೂಲೆಗಳದ್ದೂ ಒಂದಿರಲಿ. ಇಲಿ, ಹುಳ ಮೊದಲು ಕೈಯಿಡುವುದು ಅಲ್ಲಿನ ಬಟ್ಟೆ, ಚರ್ಮಕ್ಕೆ.

ಆಮೇಲೆ ಒಂದು ವಿಡಿಯೊ ಮಾಡಿಸು, ಫೋನು ಪೇಟಿಯ ಹತ್ತಿರವೇ ಇರಲಿ. ಸ್ಟಾಪ್‌ಗಳನ್ನೆಲ್ಲ ಒಳಕ್ಕೆ ಒತ್ತಿ ತಿದಿ ಹಾಕಲಿ. ಒಳತಿದಿ ತುಂಬಿದ ಮೇಲೆ ಹೊರತಿದಿ ಗಟ್ಟಿಯಾಗಿ ಎದುರೊತ್ತಬೇಕು. ಸಲೀಸಾಗಿ ಆಡುತ್ತಲೇ ಇದ್ದರೆ, ಬುಸ್ ಎಂದರೆ, ಗಾಳಿ ಸೋರುತ್ತಿದೆ. ಈಗ ಸ್ಟಾಪ್‌ಗಳನ್ನು ಎಳೆದು, ಯಾವ ಕೀಯನ್ನೂ ಮುಟ್ಟದೆ ತಿದಿ ಹಾಕಲಿ. ತಾನಾಗಿ ಒಂದು ಸ್ವರ ಗುಂಯ್ ಎಂದರೆ ಆ ಕೀಯ ಕೆಳಗಿನ ಮುಚ್ಚಳ ಸರಿಯಾಗಿ ಕೂರುತ್ತಿಲ್ಲ. ಸ್ಪ್ರಿಂಗ್ ಸಡಿಲವಾಗಿರಬಹುದು, ಕಸ ಸಿಕ್ಕಿರಬಹುದು. ಇದು ಸಣ್ಣ ಕೆಲಸ, ಹೆದರಬೇಡ. ಮಳೆಗಾಲದಲ್ಲಿ ಮರ ಉಬ್ಬಿ ಕೀ ಅಂಟಿಕೊಳ್ಳುವುದೂ ಹಾಗೆಯೇ.

ಕೊನೆಗೆ ಎಡತುದಿಯಿಂದ ಬಲತುದಿವರೆಗೆ ಒಂದೊಂದೇ ಕೀ ನುಡಿಸಲಿ, ಒಂದು ರೀಡಿನ ಸಾಲು ತೆರೆದು ಒಮ್ಮೆ, ಇನ್ನೊಂದು ತೆರೆದು ಇನ್ನೊಮ್ಮೆ. ಡಬಲ್ ರೀಡಿನಲ್ಲಿ ಕೀಗೆ ಎರಡು, ಅಂದರೆ 42ಕ್ಕೆ 84 ರೀಡು. ಎರಡೂ ಸಾಲು ಒಟ್ಟಿಗೆ ನುಡಿದರೆ ಸತ್ತ ರೀಡು ಪಕ್ಕದ್ದರ ಸದ್ದಿನಲ್ಲಿ ಮರೆಯಾಗುತ್ತದೆ.

‘ಈಗಷ್ಟೇ ಟ್ಯೂನ್ ಮಾಡಿಸಿದ್ದು’ ಎಂದು ಬರೆದಿದ್ದರೆ ಹಿಗ್ಗಬೇಡ. ಶ್ರುತಿ ಏರಿಸಲು ಹಿತ್ತಾಳೆ ನಾಲಗೆಯ ತುದಿ ಕೆರೆಯುತ್ತಾರೆ, ಇಳಿಸಲು ಬುಡ ಕೆರೆಯುತ್ತಾರೆ. ಕೆರೆದ ಲೋಹ ಮರಳಿ ಬರುವುದಿಲ್ಲ. ಎಷ್ಟು ಸಲ ಆಗಿದೆ ಎಂದು ಕೇಳು.

ಕವರ್ ಉಚಿತವೆಂದು ಬೆಲೆ ಏರಿಸಲು ಬಿಡಬೇಡ. ವಿಡಿಯೊ ಕಳಿಸಲು ಒಲ್ಲೆನೆಂದವರಿಗೆ ಮುಂಗಡ ಕೊಡಬೇಡ.