ಉಪ್ಪಿನ ಡಬ್ಬಿಗೆ ಕೈ ಹಾಕುವ ಮುಂಚೆ

ಪುಟ್ಟೀ, ನೀನು ಕಳಿಸಿದ ಫೋಟೋ ನೋಡಿದೆ. ತುಳಸಿ ಕುಂಡದ ಪಕ್ಕ, ಒದ್ದೆ ಹಾಸುಗಲ್ಲಿನ ಮೇಲೆ ಗೇಣುದ್ದದ ಹುಳು. ‘ಇಂಬಳ ಬಂದಿದೆ ಅಜ್ಜಾ, ಉಪ್ಪು ಹಾಕಲಾ?’ ಅಂತ ಕೇಳಿದ್ದೀಯ. ಅದು ಇಂಬಳ ಅಲ್ಲ. ಆದರೆ ಎರೆಹುಳುವೂ ಅಲ್ಲ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಕೇಳು.

ಮೊದಲು ಮೈಮೇಲೆ ಉಂಗುರ ಇದೆಯಾ ನೋಡು. ಎರೆಹುಳುವಿನ ಮೈತುಂಬ ಉಂಗುರಗಳು. ದೊಡ್ಡದಾದರೆ ಮುಂಭಾಗದ ಹತ್ತಿರ ಬೇರೆ ಬಣ್ಣದ ದಪ್ಪ ಪಟ್ಟಿಯೂ ಕಾಣುತ್ತದೆ. ಅದಕ್ಕೆ ಹಲ್ಲಿಲ್ಲ, ಕಚ್ಚುವುದೂ ಇಲ್ಲ. ಕೆಲವು ಜಾತಿಯವು ಮುಟ್ಟಿದರೆ ಹಾವಿನ ಮರಿಯ ಹಾಗೆ ಚಿಮ್ಮಿ ಒದ್ದಾಡುತ್ತವೆ, ಅಷ್ಟೇ.

ನಿನ್ನ ಫೋಟೋದ ಹುಳುವಿಗೆ ಉಂಗುರವೇ ಇಲ್ಲ. ಮೈ ಚಪ್ಪಟೆ, ಅಂಟಂಟು, ಬೆನ್ನಿನ ಮೇಲೆ ಉದ್ದಕ್ಕೂ ಕಪ್ಪು ಗೆರೆಗಳು. ತಲೆ ಅರ್ಧಚಂದ್ರದ ಹಾಗೆ ಅಗಲವಾಗಿ ಹರಡಿಕೊಂಡಿದೆ. ಆ ತಲೆ ಕಂಡರೆ ಅನುಮಾನವೇ ಬೇಡ, ಅದು ಚಪ್ಪಟೆಹುಳು. ಈ ಗುಂಪಿನಲ್ಲಿ ಲೋಕವೆಲ್ಲ ಸುತ್ತಿರುವ ಒಂದು ಜಾತಿಗೆ ಬೈಪಾಲಿಯಂ ಕೆವೆನ್ಸೆ ಎಂಬ ಹೆಸರು. ಅದರ ಮೂಲ ಆಗ್ನೇಯ ಏಷ್ಯಾ ಎನ್ನುತ್ತಾರೆ. ಆದರೆ 1878ರಲ್ಲಿ ಅದನ್ನು ಮೊದಲು ವಿವರಿಸಿದ್ದು ಲಂಡನ್ನಿನ ಕ್ಯೂ ತೋಟದ ಗಾಜಿನ ಮನೆಯಲ್ಲಿ ಸಿಕ್ಕಿದ್ದನ್ನು ನೋಡಿ. ಗಿಡದ ಬೇರಿನ ಮಣ್ಣಿನಲ್ಲಿ ಕೂತು ದೇಶ ದಾಟಿದ ಹುಳು ಅದು. ಫೋಟೋ ನೋಡಿ ಗುಂಪನ್ನು ಹೇಳಬಹುದು. ಖಚಿತ ಜಾತಿ ಹೇಳುವುದು ಬಲ್ಲವರಿಗೂ ಕಷ್ಟ, ನಮ್ಮಲ್ಲಿ ಅದರ ದಾಯಾದಿಗಳೂ ಇವೆ.

ಆ ಅಗಲ ತಲೆಯಲ್ಲಿ ಬಾಯಿ ಇಲ್ಲ. ಬಾಯಿ ಇರುವುದು ಹೊಟ್ಟೆಯ ಕೆಳಗೆ, ಮೈಯ ನಡುಮಧ್ಯದಲ್ಲಿ. ಎರೆಹುಳುವಿನ ಮೇಲೆ ಹತ್ತಿ, ಅಂಟಿನಿಂದ ಅದನ್ನು ಹಿಡಿದುಕೊಂಡು, ಆ ಬಾಯಿಯಿಂದ ಒಂದು ನಳಿಗೆ ಹೊರಚಾಚಿ ಅದನ್ನು ಕರಗಿಸಿ ಹೀರುತ್ತದೆ. ಮನುಷ್ಯರನ್ನು ಕಚ್ಚುವುದಿಲ್ಲ. ಆದರೂ ಬರಿಗೈಯಲ್ಲಿ ಹಿಡಿಯಬೇಡ. ಕೆಲವು ಜಾತಿಗಳ ಮೈಯಲ್ಲಿ ಟೆಟ್ರೋಡೋಟಾಕ್ಸಿನ್ ಎಂಬ ವಿಷ ಇರುವುದು ಗೊತ್ತಾಗಿದೆ, ಪಫರ್ ಮೀನಿನಲ್ಲಿರುವುದೂ ಅದೇ. ಅದು ಇರುವ ಪ್ರಮಾಣ ತೀರಾ ಕಡಿಮೆ, ಮುಟ್ಟಿದ ಮಾತ್ರಕ್ಕೆ ಯಾರೂ ಸಾಯುವುದಿಲ್ಲ. ಮುಟ್ಟಿಬಿಟ್ಟಿದ್ದರೆ ಸೋಪಿನಿಂದ ಕೈ ತೊಳೆದುಕೋ, ಕಣ್ಣು ಬಾಯಿಗೆ ಆ ಕೈ ತಾಗಿಸಬೇಡ. ನಾಯಿ ನೆಕ್ಕಲು ಹೋದರೆ ಎಳೆದುಕೊಂಡು ಬಾ.

ಎಲ್ಲರೂ ಕೆಡುವುದು ಇಲ್ಲಿ, ಕತ್ತಿ ತಗೊಂಡು ತುಂಡು ಮಾಡುವುದರಲ್ಲಿ. ಈ ಹುಳು ತಾನೇ ಬಾಲದ ತುದಿಯನ್ನು ಕಳಚಿ ಬಿಟ್ಟು ಸಂತಾನ ಬೆಳೆಸುತ್ತದೆ. ಆ ತುಂಡಿಗೆ ಕೆಲವು ದಿನದಲ್ಲಿ ತಲೆ ಮೂಡುತ್ತದೆ. ಕತ್ತರಿಸಿದರೆ ಅದರ ಕೆಲಸವನ್ನು ನೀನೇ ಮಾಡಿಕೊಟ್ಟ ಹಾಗೆ. ಕಾಡಿನಲ್ಲಿ ಕಂಡರೆ ಅದರ ಪಾಡಿಗೆ ಬಿಡು. ನಿನ್ನ ಎರೆಗೊಬ್ಬರದ ತೊಟ್ಟಿಯ ಹತ್ತಿರ ಮತ್ತೆ ಮತ್ತೆ ಕಂಡರೆ ಮಾತ್ರ ಕಡ್ಡಿಯಿಂದ ಎತ್ತಿ, ಮುಚ್ಚಳದ ಡಬ್ಬಿಗೆ ಹಾಕಿ, ಮೇಲೆ ಉಪ್ಪು ಸುರಿ. ಉಪ್ಪನ್ನು ಮಣ್ಣಿಗೆ ಸುರಿಯಬೇಡ, ಗಿಡವೂ ಎರೆಹುಳುವೂ ಸಾಯುತ್ತವೆ.

ಇನ್ನು ನಿಜವಾದ ಇಂಬಳ. ಅದರ ಎರಡೂ ತುದಿಯಲ್ಲಿ ಹೀರುಬಟ್ಟಲು ಇರುತ್ತದೆ. ಒಂದು ತುದಿ ಊರಿ, ಮೈ ಬಾಗಿಸಿ, ಇನ್ನೊಂದನ್ನು ಹತ್ತಿರ ತಂದು ಗೇಣು ಹಾಕುತ್ತ ನಡೆಯುತ್ತದೆ. ಚಪ್ಪಟೆಹುಳು ಹಾಗಲ್ಲ, ಜಾರಿಕೊಂಡು ಹೋಗುತ್ತದೆ. ಆದ್ದರಿಂದ ಇನ್ನು ಮೇಲೆ ಫೋಟೋ ಜೊತೆ ಹತ್ತು ಸೆಕೆಂಡಿನ ವಿಡಿಯೋನೂ ಕಳಿಸು, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡು.

ಊರಿಗೆ ಬಂದಾಗ ಕಾಲಿಗೆ ಇಂಬಳ ಹತ್ತಿದರೆ ಕಿರುಚಿ ಕಿತ್ತೆಸೆಯಬೇಡ. ಬೆಂಕಿಕಡ್ಡಿ, ಉಪ್ಪು ಎರಡೂ ಬೇಡ. ಅವು ತಾಗಿದರೆ ಅದು ಹೊಟ್ಟೆಯಲ್ಲಿದ್ದುದನ್ನು ಗಾಯದೊಳಗೇ ಕಕ್ಕಬಹುದು. ಉಪ್ಪು, ಹೊಗೆಸೊಪ್ಪು ಎಲ್ಲ ಹತ್ತುವ ಮುಂಚೆ ಕಾಲಿಗೆ ಹಚ್ಚಿಕೊಳ್ಳುವುದಕ್ಕೆ. ಹತ್ತಿದ ಮೇಲೆ ಸಣ್ಣ ತುದಿಯ ಪಕ್ಕದ ಚರ್ಮವನ್ನು ಬಿಗಿಯಾಗಿ ಹಿಡಿದು, ಉಗುರನ್ನು ಅಡ್ಡಕ್ಕೆ ಜಾರಿಸಿ ಆ ತುದಿ ಬಿಡಿಸು, ಆಮೇಲೆ ದಪ್ಪ ತುದಿ. ಅದು ರಕ್ತ ಹೆಪ್ಪುಗಟ್ಟದಂಥ ರಸ ಬಿಟ್ಟಿರುವುದರಿಂದ ಗಂಟೆಗಟ್ಟಲೆ ಜಿನುಗಬಹುದು. ತೊಳೆದು, ಬಟ್ಟೆಯಿಂದ ಒತ್ತಿ ಹಿಡಿ. ನಾಲ್ಕು ದಿನ ತುರಿಕೆ ಇರುತ್ತದೆ, ಕೆರೆದು ಹುಣ್ಣು ಮಾಡಿಕೊಳ್ಳಬೇಡ. ನಿನ್ನಜ್ಜಿಯ ಹಾಗೆ ರಕ್ತ ತೆಳುವಾಗುವ ಮಾತ್ರೆ ತಿನ್ನುವವರಿಗೆ ಹತ್ತಿ ರಕ್ತ ನಿಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು. ಕೆರೆ ಹಳ್ಳದ ಜಿಗಣೆ ಮೂಗಿನೊಳಗೆ ಹೋದರೂ ಅಷ್ಟೇ, ಮನೆಯಲ್ಲಿ ಎಳೆಯಲು ಕೂರಬೇಡಿ.

ಒಂದು ಮಾತು ಬಿಟ್ಟೆ. ಕುಂಡ ಎತ್ತಿದಾಗ ಎರೆಹುಳುವಿನಷ್ಟೇ ಸಣ್ಣಗೆ, ಕಪ್ಪಗೆ ಮಿರಮಿರ ಹೊಳೆಯುವ, ಉಂಗುರವಿಲ್ಲದೆ ಚಿಕ್ಕ ಚಿಕ್ಕ ಹುರುಪೆಯ ಜೀವಿ ಸಿಕ್ಕರೆ, ಅದು ನಾಲಗೆ ಚಾಚುತ್ತಿದ್ದರೆ, ಅದು ಹುಳುಹಾವು. ಅದಕ್ಕೆ ವಿಷವಿಲ್ಲ, ತಿನ್ನುವುದು ಇರುವೆ ಗೆದ್ದಲಿನ ಮೊಟ್ಟೆ ಮರಿ. ಹಾವು ಅಂತ ಹೊಡೆಯಬೇಡ.

ಈಗ ಹೋಗಿ ನರ್ಸರಿಯಿಂದ ತಂದ ಹೊಸ ಕುಂಡಗಳ ತಳ ಎತ್ತಿ ನೋಡು. ಚಪ್ಪಟೆಹುಳು ಹಗಲು ಅಡಗುವುದು ಅಲ್ಲೇ, ಒದ್ದೆಯ ನೆರಳಿನಲ್ಲಿ.