ಮಿತಿ ಬೇರೆ, ವಿನಾಯಿತಿ ಬೇರೆ: ಗ್ರಾಚ್ಯುಟಿ ಮತ್ತು ರಜೆ ನಗದೀಕರಣದ ಪಾಠ ಮೂರು ತರಗತಿಗಳಲ್ಲಿ

ವಾಣಿಜ್ಯ ವಿಷಯದ ಪ್ರಶಿಕ್ಷಣಾರ್ಥಿಗಳ ಜೊತೆ 2025ರ ಜುಲೈ ತಿಂಗಳಲ್ಲಿ ಬಳ್ಳಾರಿ ನಗರ, ಸಿರುಗುಪ್ಪ ಮತ್ತು ಕುರುಗೋಡುಗಳಲ್ಲಿ ಒಂದೇ ಪಾಠವನ್ನು ಮೂರು ಸಲ ನಡೆಸಿದೆವು. ತರಗತಿ ದ್ವಿತೀಯ ಪಿಯುಸಿ, ಅವಧಿ 45 ನಿಮಿಷ. ನಿವೃತ್ತಿಯ ದಿನ ಕೈಗೆ ಬರುವ ಗ್ರಾಚ್ಯುಟಿ ಮತ್ತು ಗಳಿಕೆ ರಜೆಯ ಹಣದಲ್ಲಿ ಎಷ್ಟಕ್ಕೆ ತೆರಿಗೆ ಇಲ್ಲ, ಎಷ್ಟಕ್ಕೆ ಇದೆ ಎಂಬುದು ಪಾಠದ ವಿಷಯ. ಇದು ಪಠ್ಯದಲ್ಲಿಲ್ಲ, ಪೂರಕ ಪಾಠವಾಗಿ ತೆಗೆದುಕೊಂಡೆವು. ಬಳ್ಳಾರಿಯಲ್ಲಿ ಮಾದರಿ ಪಾಠ ಮಾಡಿದವನು ನಾನೇ. ತಪ್ಪಿದವನೂ ನಾನೇ. ಆ ತಪ್ಪನ್ನು ತಿದ್ದಿಕೊಂಡ ಬಗೆಯನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಬಳ್ಳಾರಿ: ಹಲಗೆಯ ಮೇಲೆ ಮೊದಲು ಬರೆದದ್ದು

ಪಾಠ ಆರಂಭಿಸುತ್ತಲೇ ಹಲಗೆಯ ಮೇಲೆ ಎರಡು ಅಂಕಿ ಬರೆದೆ. ಗ್ರಾಚ್ಯುಟಿಗೆ 20 ಲಕ್ಷ, ರಜೆ ನಗದೀಕರಣಕ್ಕೆ 25 ಲಕ್ಷ. ಮೊದಲನೆಯದು 2018ರ ಮಾರ್ಚ್ 29ರಿಂದ ಜಾರಿಯಲ್ಲಿದೆ. ಅದಕ್ಕೆ ಮುಂಚೆ 10 ಲಕ್ಷ ಇತ್ತು. ಎರಡನೆಯದು 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅಲ್ಲಿಯವರೆಗೆ 2002ರಲ್ಲಿ ನಿಗದಿಯಾದ 3 ಲಕ್ಷವೇ ನಡೆಯುತ್ತಿತ್ತು. ಎರಡೂ ಅಂಕಿ ಸರಿಯೇ. ಆದರೆ ಅವನ್ನು ಮೊದಲು ಬರೆದದ್ದು ತಪ್ಪಾಯಿತು.

ಪಾಠದ ಕೊನೆಗೆ ಮೌಲ್ಯಮಾಪನದ ಪ್ರಶ್ನೆ ಕೇಳಿದೆ: "ಖಾಸಗಿ ಸಂಸ್ಥೆಯ ನೌಕರರೊಬ್ಬರಿಗೆ 16 ಲಕ್ಷ ಗ್ರಾಚ್ಯುಟಿ ಬಂತು. ತೆರಿಗೆಗೆ ಒಳಪಡುವುದು ಎಷ್ಟು?" ಬಹುತೇಕ ಎಲ್ಲರೂ "ಏನೂ ಇಲ್ಲ ಸರ್, 20 ಲಕ್ಷದೊಳಗಿದೆ" ಎಂದರು. ನಡುವೆ ಅರ್ಧ ಗಂಟೆ ನಾನು ವಿವರಿಸಿದ ಸೂತ್ರ ಯಾರ ತಲೆಯಲ್ಲೂ ಉಳಿದಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತು ವೀಕ್ಷಣೆ ಬರೆಯುತ್ತಿದ್ದ ಪ್ರಶಿಕ್ಷಣಾರ್ಥಿಗಳಲ್ಲೂ ಇಬ್ಬರು ಅದೇ ಉತ್ತರ ಬರೆದಿದ್ದರು.

20 ಲಕ್ಷ ಎಂಬುದು ಛಾವಣಿ. ವಿನಾಯಿತಿ ಅದಕ್ಕಿಂತ ಮೇಲೆ ಹೋಗಲಾರದು ಎಂದಷ್ಟೇ ಅದರ ಅರ್ಥ. ಅದರ ಕೆಳಗೆ ಬಂದ ಹಣಕ್ಕೆಲ್ಲ ವಿನಾಯಿತಿ ಉಂಟು ಎಂದು ಕಾನೂನು ಎಲ್ಲಿಯೂ ಹೇಳಿಲ್ಲ. ಕೆಲವು ಮೊತ್ತಗಳನ್ನು ಪಕ್ಕಪಕ್ಕ ಇಟ್ಟು, ಅವುಗಳಲ್ಲಿ ಅತಿ ಕಡಿಮೆಯದಕ್ಕೆ ಮಾತ್ರ ವಿನಾಯಿತಿ ಕೊಡು ಎನ್ನುತ್ತದೆ ಕಾನೂನು. ಛಾವಣಿ ಆ ಮೊತ್ತಗಳಲ್ಲಿ ಒಂದು ಮಾತ್ರ.

ಮಾವನ ಕಾಗದಗಳು

ಮರುವಾರ ಸಿರುಗುಪ್ಪದ ಪಾಠ. ಹಿಂದಿನ ಸಂಜೆಯೇ ಹೋಗಿ ಸೋದರಮಾವನ ಮನೆಯಲ್ಲಿ ಉಳಿದೆ. ಅವರು ಖಾಸಗಿ ಶಿಕ್ಷಣ ಸಂಸ್ಥೆಯೊಂದರ ಕಚೇರಿ ಅಧೀಕ್ಷಕರಾಗಿದ್ದು 2024ರ ಡಿಸೆಂಬರ್ 31ಕ್ಕೆ ನಿವೃತ್ತರಾದವರು. ಊಟ ಮುಗಿಯುತ್ತಲೇ ನಮೂನೆ 16 ತಂದು ಮುಂದಿಟ್ಟರು.

"ಮಾಸ್ತರ, ಇದನ್ನ ಸ್ವಲ್ಪ ನೋಡು. ಗ್ರಾಚ್ಯುಟಿ 20 ಲಕ್ಷದೊಳಗ ಐತಿ, ರಜಾ ರೊಕ್ಕ 25 ಲಕ್ಷದೊಳಗ ಐತಿ. ಆದ್ರೂ 92,560 ರೂಪಾಯಿ ತೆರಿಗಿ ಹಿಡಿದಾರ. ರಿಟರ್ನ್ ಹಾಕಿದ್ರ ಎಲ್ಲಾ ವಾಪಸ್ ಬರ್ತದ ಅಂತ ನಮ್ಮ ಗೆಳೆಯರು ಹೇಳ್ಯಾರ. ಹೌದಲ್ಲ?"

ಬಳ್ಳಾರಿಯ ಮಕ್ಕಳು ಕೊಟ್ಟ ಉತ್ತರವೇ ಇಲ್ಲೂ ಕೇಳಿಸಿತು. ಹೌದು ಎಂದೂ ಹೇಳಲಾಗಲಿಲ್ಲ, ಇಲ್ಲ ಎಂದೂ ಹೇಳಲಾಗಲಿಲ್ಲ. ಲೆಕ್ಕ ಮಾಡಿ ನೋಡೋಣ ಮಾವಾ ಎಂದೆ. ಮರುದಿನ ಅವರ ಒಪ್ಪಿಗೆ ಪಡೆದು, ಹೆಸರು ಹೇಳದೆ, ಅದೇ ಲೆಕ್ಕವನ್ನು ತರಗತಿಗೆ ಒಯ್ದೆ. ಭಾಗಿಸಲು ಸುಲಭವಾಗಲೆಂದು ಸಂಬಳವನ್ನು ಸರಿ ಅಂಕಿಗೆ ತಂದಿರುವುದನ್ನು ಬಿಟ್ಟರೆ ಮಿಕ್ಕದ್ದು ಇದ್ದ ಹಾಗೇ ಇದೆ.

ಸಿರುಗುಪ್ಪ: ಗ್ರಾಚ್ಯುಟಿಯ ಲೆಕ್ಕ

ಈ ಸಲ ಛಾವಣಿಯ ಅಂಕಿಯನ್ನು ಬರೆಯಲಿಲ್ಲ. ಮೊದಲು ಸೇವೆಯ ಅವಧಿ ಕೇಳಿದೆ. 1996ರ ಮೇ 1ರಿಂದ 2024ರ ಡಿಸೆಂಬರ್ 31ರವರೆಗೆ 28 ವರ್ಷ 8 ತಿಂಗಳು. ಸಂಸ್ಥೆ 1972ರ ಗ್ರಾಚ್ಯುಟಿ ಪಾವತಿ ಕಾಯ್ದೆಗೆ ಒಳಪಟ್ಟಿತ್ತು. ಆ ಕಾಯ್ದೆಯಲ್ಲಿ ಆರು ತಿಂಗಳಿಗಿಂತ ಹೆಚ್ಚಿನ ಉಳಿಕೆಯನ್ನು ಪೂರ್ಣ ವರ್ಷವೆಂದು ಎಣಿಸುತ್ತಿದ್ದರು. ಆದ್ದರಿಂದ 29 ವರ್ಷ.

ಕೊನೆಯ ತಿಂಗಳ ಮೂಲ ವೇತನ ಮತ್ತು ತುಟ್ಟಿ ಭತ್ಯೆ ಕೂಡಿ 78,000 ರೂಪಾಯಿ. ವರ್ಷಕ್ಕೆ 15 ದಿನದ ಸಂಬಳ ಗ್ರಾಚ್ಯುಟಿ. ಒಂದು ದಿನದ ಸಂಬಳ ತೆಗೆಯಲು 30ರಿಂದಲ್ಲ, 26ರಿಂದ ಭಾಗಿಸಬೇಕು. ಭಾನುವಾರಗಳನ್ನು ಬಿಟ್ಟರೆ ತಿಂಗಳಿಗೆ ಉಳಿಯುವ ಕೆಲಸದ ದಿನಗಳು ಅಷ್ಟು. 78,000ವನ್ನು 26ರಿಂದ ಭಾಗಿಸಿದರೆ 3,000. ಹದಿನೈದು ದಿನಕ್ಕೆ 45,000. ಇಪ್ಪತ್ತೊಂಬತ್ತು ವರ್ಷಕ್ಕೆ 13,05,000.

ಆ ಸಂಸ್ಥೆಯ ಸ್ವಂತ ನಿಯಮ ಕಾಯ್ದೆಗಿಂತ ಉದಾರವಾದದ್ದು. ಅದರ ಪ್ರಕಾರ ಕೊಟ್ಟದ್ದು 16,00,000. ಈಗ ಮೂರನೆಯ ಅಂಕಿಯಾಗಿ 20,00,000 ಬರೆದು, ಯಾವುದು ಕಡಿಮೆ ಎಂದು ಕೇಳಿದೆ. "13,05,000" ಎಂದು ಇಡೀ ತರಗತಿ ಹೇಳಿತು. ಅಷ್ಟಕ್ಕೆ ವಿನಾಯಿತಿ. ಉಳಿದ 2,95,000 ತೆರಿಗೆಗೆ ಒಳಪಟ್ಟ ಸಂಬಳವಾಯಿತು. ಉದ್ಯೋಗದಾತ ಕಾಯ್ದೆಗಿಂತ ಹೆಚ್ಚು ಕೊಡಬಹುದು; ಆ ಹೆಚ್ಚಿಗೆಗೆ ವಿನಾಯಿತಿ ಇಲ್ಲ.

ರಜೆಯ ಲೆಕ್ಕದಲ್ಲಿ ಸಂಬಳವೇ ಬೇರೆ

ರಜೆಯ ಲೆಕ್ಕಕ್ಕೆ ಬಂದಾಗ ಒಬ್ಬ ವಿದ್ಯಾರ್ಥಿ 78,000ವನ್ನೇ ಮತ್ತೆ ತೆಗೆದುಕೊಂಡ. ಪ್ರಶಿಕ್ಷಣಾರ್ಥಿಗಳು ಹೆಚ್ಚಾಗಿ ಎಡವುವ ಜಾಗವೂ ಇದೇ. ಇಲ್ಲಿ ಕೊನೆಯ ಸಂಬಳ ಬರುವುದಿಲ್ಲ. ನಿವೃತ್ತಿಗೆ ಮುಂಚಿನ ಹತ್ತು ತಿಂಗಳ ಸರಾಸರಿ ಬರುತ್ತದೆ. ಮಾವನಿಗೆ ಜುಲೈನಲ್ಲಿ ಸಂಬಳ ಏರಿತ್ತು. ಮಾರ್ಚ್‌ನಿಂದ ಜೂನ್‌ವರೆಗೆ ನಾಲ್ಕು ತಿಂಗಳು 72,000, ಜುಲೈನಿಂದ ಡಿಸೆಂಬರ್‌ವರೆಗೆ ಆರು ತಿಂಗಳು 78,000. ಒಟ್ಟು 7,56,000, ಸರಾಸರಿ 75,600. ತುಟ್ಟಿ ಭತ್ಯೆಯನ್ನು ಇದರಲ್ಲಿ ಸೇರಿಸಿದ್ದು, ನಿವೃತ್ತಿ ಸೌಲಭ್ಯಗಳ ಲೆಕ್ಕಕ್ಕೆ ಅದು ಸೇರುತ್ತದೆಂದು ಅವರ ಸೇವಾ ನಿಯಮದಲ್ಲಿದ್ದ ಕಾರಣ.

ಈಗ ಪಕ್ಕಪಕ್ಕ ಇಡಬೇಕಾದ ಮೊತ್ತ ನಾಲ್ಕು. ಮೊದಲನೆಯದು ನಿಜವಾಗಿ ಕೊಟ್ಟದ್ದು: 12 ತಿಂಗಳ ರಜೆಗೆ ಕೊನೆಯ ಸಂಬಳದಂತೆ 9,36,000. ಎರಡನೆಯದು ಹತ್ತು ತಿಂಗಳ ಸರಾಸರಿ ಸಂಬಳ: 7,56,000. ಮೂರನೆಯದು ಉಳಿದ ರಜೆಯ ಬೆಲೆ. ಇದಕ್ಕೆ ಪೂರ್ಣಗೊಂಡ ವರ್ಷ ಮಾತ್ರ ಎಣಿಕೆ, ವರ್ಷಕ್ಕೆ 30 ದಿನಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. 28 ವರ್ಷಕ್ಕೆ 840 ದಿನ, ಬಳಸಿದ್ದು 480, ಉಳಿದದ್ದು 360 ದಿನ, ಅಂದರೆ 12 ತಿಂಗಳು. 75,600ರಂತೆ 9,07,200. ನಾಲ್ಕನೆಯದು ಛಾವಣಿ, 25,00,000.

ಅತಿ ಕಡಿಮೆ 7,56,000. ತೆರಿಗೆಗೆ ಒಳಪಡುವುದು 1,80,000. ಒಂದೇ ವ್ಯಕ್ತಿಗೆ ಗ್ರಾಚ್ಯುಟಿಯಲ್ಲಿ 29 ವರ್ಷ, ರಜೆಯಲ್ಲಿ 28 ವರ್ಷ. ಅಲ್ಲಿ ಕೊನೆಯ ಸಂಬಳ, ಇಲ್ಲಿ ಸರಾಸರಿ. ಎರಡನ್ನೂ ಹಲಗೆಯ ಎರಡು ಬದಿಗೆ ಬರೆದಿಟ್ಟರೆ ಮಕ್ಕಳು ಬೆರೆಸುವುದಿಲ್ಲ.

ಕಚೇರಿ ಎಲ್ಲಿ ತಪ್ಪಿತ್ತು

ನಂತರ ನಮೂನೆ 16ರ ಅಂಕಿಗಳನ್ನು ಕೊಟ್ಟು ತಪ್ಪು ಹುಡುಕಲು ಹೇಳಿದೆ. ಸಂಸ್ಥೆಯ ಕಚೇರಿ ಗ್ರಾಚ್ಯುಟಿ ಪೂರ್ತಿಯನ್ನು ವಿನಾಯಿತಿಗೆ ಸೇರಿಸಿತ್ತು. ರಜೆಯ ಹಣದಲ್ಲಿ ಮಾತ್ರ ಹಳೆಯ 3 ಲಕ್ಷವನ್ನೇ ಕಳೆದು 6,36,000ಕ್ಕೆ ತೆರಿಗೆ ಹಿಡಿದಿತ್ತು. ಎರಡು ತಪ್ಪು, ಎರಡೂ ಎದುರುಬದುರು: ಒಂದು ಮಾವನಿಗೆ ಲಾಭ, ಇನ್ನೊಂದು ನಷ್ಟ.

ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ ಸಂಬಳ 6,84,000. ಅದಕ್ಕೆ 2,95,000 ಮತ್ತು 1,80,000 ಸೇರಿಸಿ, ಹೊಸ ತೆರಿಗೆ ಪದ್ಧತಿಯ ಪ್ರಮಾಣಿತ ಕಡಿತ 75,000 ಕಳೆದರೆ 10,84,000. ಬೇರೆ ಆದಾಯವಿಲ್ಲ. 2024-25ರ ದರದಂತೆ ಸೆಸ್ ಸೇರಿ ತೆರಿಗೆ 65,104 ರೂಪಾಯಿ. ಹಿಡಿದದ್ದು 92,560. ವಾಪಸ್ ಬರಬೇಕಾದ್ದು 27,456.

ಸಂಜೆ ಹೋಗಿ ಹೇಳಿದಾಗ ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಗ್ರಾಚ್ಯುಟಿ ಲೆಕ್ಕ ಅವರೇ ಬಿಟ್ಟಾರಲ್ಲ, ನಾವ್ಯಾಕ ಕೆದಕಬೇಕು? ರಜಾದ್ದಷ್ಟ ಸರಿ ಮಾಡಿದ್ರ ಆಗಂಗಿಲ್ಲೇನು?" ಎಂದು ಕೇಳಿದರು. ರಜೆಯದನ್ನು ಮಾತ್ರ ತಿದ್ದಿದರೆ 62,504 ವಾಪಸ್ ಬರುವಂತೆ ಕಾಣುತ್ತಿತ್ತು. ಆದರೆ ರಿಟರ್ನ್‌ಗೆ ಸಹಿ ಹಾಕುವವರು ಮಾವ, ಕಚೇರಿಯಲ್ಲ. ಮುಂದೆ ಪರಿಶೀಲನೆಗೆ ಬಂದರೆ ಆ ತೆರಿಗೆಯನ್ನು ಬಡ್ಡಿ ಸಮೇತ ಕಟ್ಟಬೇಕಾದವರೂ ಅವರೇ. ಮೂವತ್ತು ವರ್ಷ ಮತ್ತೊಬ್ಬರ ಲೆಕ್ಕ ನೋಡಿದವರು ಅವರು. ಎರಡನ್ನೂ ತಿದ್ದಿಯೇ ರಿಟರ್ನ್ ಹಾಕಿಸಿದರು.

ಕುರುಗೋಡು: ಮೊದಲ ಪ್ರಶ್ನೆ

ಕುರುಗೋಡಿನಲ್ಲಿ ಪಾಠ ಮಾಡಿದವಳು ಪ್ರಶಿಕ್ಷಣಾರ್ಥಿನಿ. ಅವಳು ಸಂಬಳ ಕೇಳುವುದಕ್ಕೂ ಮುಂಚೆ "ಸಂಬಳ ಕೊಡುವವರು ಯಾರು?" ಎಂದು ಕೇಳಿದಳು. ನನ್ನ ಪಾಠಕ್ಕಿಂತ ಇದು ಉತ್ತಮ ಆರಂಭ.

ಕೇಂದ್ರ ಅಥವಾ ರಾಜ್ಯ ಸರ್ಕಾರಿ ನೌಕರರಿಗೆ ನಿವೃತ್ತಿಯಲ್ಲಿ ಬರುವ ಗ್ರಾಚ್ಯುಟಿಗೂ ರಜೆ ನಗದೀಕರಣಕ್ಕೂ ಪೂರ್ತಿ ವಿನಾಯಿತಿ. ಅವರಿಗೆ ಮೇಲಿನ ಯಾವ ಲೆಕ್ಕವೂ ಬೇಕಿಲ್ಲ. ಆಗ ಒಬ್ಬ ಹುಡುಗ ಎದ್ದು ನಿಂತು, "ನಮ್ಮಪ್ಪ ಸ್ಥಳೀಯ ಸಂಸ್ಥೆ ನೌಕರ ಮೇಡಂ, ಅದೂ ಸರ್ಕಾರನ ಅಲ್ಲೇನ್ರಿ?" ಎಂದ. ಪ್ರಶಿಕ್ಷಣಾರ್ಥಿನಿ ನನ್ನ ಕಡೆ ನೋಡಿದಳು.

ಆಗ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ ಮಾತುಗಳನ್ನೇ ನೋಡಬೇಕಾಗಿದ್ದ ಜಾಗ ಇದು. ಗ್ರಾಚ್ಯುಟಿಯ ಪೂರ್ತಿ ವಿನಾಯಿತಿ ಹೇಳುವ ಅದರ ಕಲಂನಲ್ಲಿ ಸರ್ಕಾರಿ ನೌಕರರ ಜೊತೆ ಸ್ಥಳೀಯ ಪ್ರಾಧಿಕಾರದ ನೌಕರರೂ ಇದ್ದರು. ರಜೆ ನಗದೀಕರಣದ ಕಲಂನಲ್ಲಿ ಕೇಂದ್ರ ಮತ್ತು ರಾಜ್ಯ ಸರ್ಕಾರದ ನೌಕರರು ಮಾತ್ರ ಇದ್ದರು. ಆದ್ದರಿಂದ ಸ್ಥಳೀಯ ಪ್ರಾಧಿಕಾರದ ಸ್ವಂತ ನೌಕರನಿಗೆ ಗ್ರಾಚ್ಯುಟಿ ಪೂರ್ತಿ ಮಾಫಿ. ರಜೆಯ ಹಣಕ್ಕೆ ನಾಲ್ಕು ಮೊತ್ತಗಳ ಲೆಕ್ಕ. ಅಲ್ಲಿ ನಿಯೋಜನೆಯ ಮೇಲೆ ಕೆಲಸ ಮಾಡುವ ರಾಜ್ಯ ಸರ್ಕಾರಿ ನೌಕರನಾದರೆ ಎರಡೂ ಪೂರ್ತಿ ಮಾಫಿ. ನೇಮಕಾತಿ ಆದೇಶ ನೋಡದೆ ಉತ್ತರ ಹೇಳಬಾರದು. ಹುಡುಗ ಅಪ್ಪನ ಆದೇಶ ನೋಡಿ ಬರುತ್ತೇನೆಂದು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡ.

ಮೂರು ಪಾಠಗಳ ನಂತರ ನಮ್ಮ ಪಾಠಯೋಜನೆಯಲ್ಲಿ ಹಂತಗಳ ಕ್ರಮವನ್ನು ಹೀಗೆ ಬದಲಿಸಿದ್ದೇವೆ: ಉದ್ಯೋಗದಾತ ಯಾರು, ಸೇವೆ ಎಷ್ಟು, ಯಾವ ಸಂಬಳ, ಸೂತ್ರದ ಮೊತ್ತ, ಕೊಟ್ಟ ಮೊತ್ತ, ಕಟ್ಟಕಡೆಗೆ ಛಾವಣಿ. ಮೌಲ್ಯಮಾಪನದ ಪ್ರಶ್ನೆಯಲ್ಲಿ ಕೊಟ್ಟ ಮೊತ್ತ ಯಾವಾಗಲೂ ಛಾವಣಿಗಿಂತ ಕಡಿಮೆ, ಸೂತ್ರದ ಮೊತ್ತಕ್ಕಿಂತ ಹೆಚ್ಚು ಇರಬೇಕು. ಆಗ ಮಾತ್ರ ವಿದ್ಯಾರ್ಥಿ ಲೆಕ್ಕ ಮಾಡಿ ಉತ್ತರಿಸಿದನೋ, ಛಾವಣಿ ನೋಡಿ ಉತ್ತರಿಸಿದನೋ ಎಂಬುದು ನಮಗೆ ತಿಳಿಯುತ್ತದೆ.